ಸ್ಕ್ರೀನ್‌ಶಾಟ್ ಬಗ್ಗೆ ಕಂಪ್ಯೂಟರ್ ಕ್ಲಬ್‌ನಲ್ಲಿ ಭಾಷಣ: ಒಂದೇ ಚಿತ್ರ ಇಟ್ಟುಕೊಂಡು ಹತ್ತು ನಿಮಿಷ ಮಾತಾಡುವುದು ಹೇಗೆ

"ಶಾಲೆಯ ಕಂಪ್ಯೂಟರ್ ಕ್ಲಬ್‌ನಲ್ಲಿ ಸ್ಕ್ರೀನ್‌ಶಾಟ್ ಬಗ್ಗೆ, ಬೇರೆಯವರ ಖಾಸಗಿ ವಿಷಯದ ಬಗ್ಗೆ ಮಾತಾಡಬೇಕು. ಏನು ಹೇಳಲಿ?" ಮಕ್ಕಳು ಕೇಳುತ್ತಾರೆ. ಮಕ್ಕಳಿಗೆ ಭಾಷಣ ಬರೆದುಕೊಡಲು ಕೂತ ಅಪ್ಪ ಅಮ್ಮ ಕೇಳುತ್ತಾರೆ. ಕ್ಲಬ್ ನೋಡಿಕೊಳ್ಳುವ ಟೀಚರ್‌ಗಳೂ ಕೇಳುತ್ತಾರೆ. ಎಲ್ಲರಿಗೂ ಬೇರೆ ಬೇರೆಯಾಗಿ ಉತ್ತರ ಬರೆಯುವ ಬದಲು ಇಲ್ಲಿ ಒಟ್ಟಿಗೆ ಬರೆದಿದ್ದೇನೆ.

ಮೊದಲೇ ಒಂದು ಮಾತು. "ಇಂದಿನ ಡಿಜಿಟಲ್ ಯುಗದಲ್ಲಿ" ಅಂತ ಶುರುವಾಗುವ ಭಾಷಣ ಬೇಡ. ಎಂಟು, ಒಂಬತ್ತನೇ ತರಗತಿಯ ಮಕ್ಕಳು ಅದನ್ನು ಎರಡನೇ ವಾಕ್ಯಕ್ಕೇ ಕೈಬಿಡುತ್ತಾರೆ. ಅದರ ಬದಲು ಒಂದೇ ಒಂದು ಸ್ಕ್ರೀನ್‌ಶಾಟ್ ತೆಗೆದುಕೊಂಡು ಪರದೆ ಮೇಲೆ ಹಾಕಿ. ಅದರಲ್ಲಿ ಏನೇನು ಸೋರುತ್ತಿದೆ ಅಂತ ಅವರ ಕೈಲೇ ಹುಡುಕಿಸಿ. ಸರಿಯಾಗಿ ಮುಚ್ಚುವುದು ಹೇಗೆ ಅಂತ ಮಾಡಿ ತೋರಿಸಿ. ಇಷ್ಟರಲ್ಲೇ ಹತ್ತು ನಿಮಿಷ ಮುಗಿಯುತ್ತದೆ.

ಬೇಕಾಗುವ ಸಾಮಾನು ಜಾಸ್ತಿ ಏನಿಲ್ಲ. ಒಂದು ಕಂಪ್ಯೂಟರ್, ಪ್ರೊಜೆಕ್ಟರ್, ಸ್ಲೈಡ್ ಮಾಡಲು ಲಿಬ್ರೆ ಆಫೀಸ್ ಇಂಪ್ರೆಸ್ ಅಥವಾ ಪವರ್‌ಪಾಯಿಂಟ್. ಪ್ರೊಜೆಕ್ಟರ್ ಇಲ್ಲದಿದ್ದರೆ ಚಿತ್ರವನ್ನು ದೊಡ್ಡದಾಗಿ ಪ್ರಿಂಟ್ ಹಾಕಿಸಿ ಬೆಂಚಿಗೊಂದರಂತೆ ಕೊಡಿ. ನಿಮ್ಮ ಫೋನಿನ ಜೊತೆಗೆ ಮನೆಯವರ ಎರಡು ಮೂರು ಫೋನ್ ಸಿಕ್ಕರೆ ಚಿತ್ರ ತಯಾರಿಸಲು ಸಾಕು.

ಹಂತ 1: ಚಿತ್ರವನ್ನು ನೀವೇ ತಯಾರಿಸಿ

ಜಾಸ್ತಿ ಜನ ಎಡವುವುದು ಇಲ್ಲೇ. ಉದಾಹರಣೆ ಬೇಕು ಅಂತ ತಮ್ಮ ತರಗತಿಯ ನಿಜವಾದ ವಾಟ್ಸಾಪ್ ಗುಂಪಿನ ಸ್ಕ್ರೀನ್‌ಶಾಟನ್ನೇ ಸ್ಲೈಡಿಗೆ ಹಾಕುತ್ತಾರೆ. ಬೇರೆಯವರ ಮಾತನ್ನು ಕೇಳದೆ ತೋರಿಸಬೇಡಿ ಅಂತ ಹೇಳುವ ಭಾಷಣದಲ್ಲೇ ಬೇರೆಯವರ ಮಾತನ್ನು ಕೇಳದೆ ತೋರಿಸಿದ ಹಾಗಾಯಿತು. ಹೆಸರು ಮುಚ್ಚಿದರೂ ಪ್ರಯೋಜನವಿಲ್ಲ. ಡಿಪಿ ನೋಡಿ, ಬರೆಯುವ ಶೈಲಿ ನೋಡಿ, ಅದು ಯಾರು ಅಂತ ತರಗತಿಗೆ ತಕ್ಷಣ ಗೊತ್ತಾಗುತ್ತದೆ.

ಮನೆಯವರ ಫೋನುಗಳಲ್ಲಿ ಒಂದು ಹೊಸ ಗುಂಪು ಮಾಡಿ. ಹೆಸರು "9ಎ ಹೋಮ್‌ವರ್ಕ್" ಇರಲಿ. ಸ್ಕ್ರೀನ್‌ಶಾಟ್ ತೆಗೆಯುವ ನಿಮ್ಮ ಫೋನಿನಲ್ಲಿ ಅವರ ಒಂದು ಫೋನನ್ನು "ಗಣಿತ ಸರ್" ಅಂತ, ಇನ್ನೊಂದನ್ನು "ಪಲ್ಲವಿ" ಅಂತ ಸೇವ್ ಮಾಡಿಕೊಳ್ಳಿ. ನಿಮ್ಮ ಶಾಲೆಯಲ್ಲಿ ಪಲ್ಲವಿ ಇದ್ದರೆ ಬೇರೆ ಹೆಸರು ಇಟ್ಟುಕೊಳ್ಳಿ. ಡಿಪಿಗೆ ಹೂವೋ ಕ್ರಿಕೆಟ್ ಬ್ಯಾಟೋ ಹಾಕಿ. ಆಮೇಲೆ ಹೀಗೆ ಮಾತಾಡಿಸಿ:

ಗಣಿತ ಸರ್: "ನಾಳೆಗೆ ಅಭ್ಯಾಸ 4.2, ಲೆಕ್ಕ 1ರಿಂದ 6."

ಪಲ್ಲವಿ: "ಸರ್ ನಾನು ನಾಳೆ ಬರಲ್ಲ. ಅಮ್ಮನ್ನ ಆಸ್ಪತ್ರೆಗೆ ಅಡ್ಮಿಟ್ ಮಾಡಿದ್ದಾರೆ. ಮನೇಲಿ ನಾನು ತಮ್ಮ ಇಬ್ರೇ."

ಮೂರನೇ ಫೋನ್ ಇದ್ದರೆ ಅದನ್ನು ಸೇವ್ ಮಾಡದೆ ಬಿಡಿ. ಸೇವ್ ಆಗದವರ ಮೆಸೇಜಿನ ಮೇಲೆ ಸಾಮಾನ್ಯವಾಗಿ ಅವರ ಪೂರ್ತಿ ನಂಬರೇ ಕಾಣುತ್ತದೆ. ನಮಗೆ ಬೇಕಾಗಿರುವುದೂ ಅದೇ. ಆದರೆ ಮನೆಯವರ ನಂಬರು ಪರದೆ ಮೇಲೆ ಬರಬಾರದು. ಹಾಗಾಗಿ ಸ್ಕ್ರೀನ್‌ಶಾಟ್ ಆದಮೇಲೆ ಪೇಂಟ್‌ನಲ್ಲಿ ಆ ಜಾಗಕ್ಕೆ ಬಿಳಿ ಬಳಿದು ಒಂದು ಸುಳ್ಳು ನಂಬರು ಬರೆಯಿರಿ. ಸುಳ್ಳು ನಂಬರು ಅಂತ 98ರಿಂದ ಶುರುವಾಗುವ ಯಾವುದೋ ಹತ್ತು ಅಂಕಿ ಬರೆದರೆ ಅದು ಯಾರದ್ದೋ ನಿಜವಾದ ನಂಬರೇ ಆಗಿರಬಹುದು. ನಮ್ಮ ದೇಶದ ಮೊಬೈಲ್ ನಂಬರು 6, 7, 8 ಅಥವಾ 9ರಿಂದ ಶುರುವಾಗುತ್ತದೆ. ಆದ್ದರಿಂದ 12345ರಿಂದ ಶುರು ಮಾಡಿ, ಯಾರಿಗೂ ಹೋಗಿ ತಗಲುವುದಿಲ್ಲ.

ಸ್ಕ್ರೀನ್‌ಶಾಟ್ ತೆಗೆಯುವ ಮುಂಚೆ ಇನ್ನೆರಡು ಕೆಲಸ ಬಾಕಿ ಇದೆ. ಕೆಳಗೆ ಟೈಪ್ ಮಾಡುವ ಜಾಗದಲ್ಲಿ ಅರ್ಧ ವಾಕ್ಯ ಟೈಪ್ ಮಾಡಿ, ಕಳಿಸದೆ ಬಿಡಿ. "ಈ ಸರ್ ಯಾವಾಗ್ಲೂ" ಅಂತ ಇದ್ದರೆ ಮಕ್ಕಳು ನಗುತ್ತಾರೆ, ಪಾಯಿಂಟೂ ತಲುಪುತ್ತದೆ. ಇನ್ನೊಂದು, ರಾತ್ರಿ ಹನ್ನೊಂದೂವರೆ ಆದಮೇಲೆ ತೆಗೆಯಿರಿ, ಅಥವಾ ಫೋನಿನ ಗಡಿಯಾರ ಬದಲಿಸಿ. ಯಾಕೆ ಅಂತ ಮುಂದಿನ ಹಂತದಲ್ಲಿ ಗೊತ್ತಾಗುತ್ತದೆ.

ಹಂತ 2: ಶುರುವಿನಲ್ಲೇ ಅಂಚು ಓದಿಸಿ

ನಮಸ್ಕಾರ ಹೇಳಿ ನೇರವಾಗಿ ಚಿತ್ರ ಹಾಕಿ. ಮಾತು ಹೀಗಿರಲಿ:

"ಎಲ್ಲರಿಗೂ ನಮಸ್ಕಾರ. ನೆನ್ನೆ ಶಾಲೆಗೆ ಬರದ ಗೆಳೆಯನೊಬ್ಬ ಹೋಮ್‌ವರ್ಕ್ ಏನು ಅಂತ ಕೇಳಿದ ಅಂದುಕೊಳ್ಳಿ. ನಾನು ಅವನಿಗೆ ಈ ಸ್ಕ್ರೀನ್‌ಶಾಟ್ ಕಳಿಸಿದೆ. ಅವನಿಗೆ ಬೇಕಾಗಿದ್ದು ಒಂದೇ ಸಾಲು. ಅದು ಬಿಟ್ಟು ನಾನು ಇನ್ನೇನೇನು ಕಳಿಸಿದ್ದೀನಿ? ಮೇಲಿನಿಂದ ಕೆಳಗೆ ನೋಡ್ತಾ ಬನ್ನಿ."

ಈಗ ಸುಮ್ಮನಿರಿ. ಅರ್ಧ ನಿಮಿಷದ ಮೌನ ಮಾತಾಡುವವರಿಗೆ ಯುಗದ ಹಾಗೆ ಅನಿಸುತ್ತದೆ, ಆದರೂ ತಡೆದುಕೊಳ್ಳಿ. ಮಕ್ಕಳು ಒಬ್ಬೊಬ್ಬರೇ ಹೇಳಲು ಶುರು ಮಾಡುತ್ತಾರೆ. ಮೊದಲು ಹೇಳುವುದು ಪಲ್ಲವಿಯ ಮೆಸೇಜ್, ಆಮೇಲೆ ನಂಬರು. ಅಂಚಿನಲ್ಲಿರುವುದು ಅವರ ಕಣ್ಣಿಗೆ ಬೀಳುವುದಿಲ್ಲ. ಅದನ್ನು ನೀವು ಎತ್ತಿ ತೋರಿಸಬೇಕು.

ಮೇಲಿನ ಪಟ್ಟಿಯಿಂದ ಶುರು ಮಾಡಿ. ಗಂಟೆ, ಬ್ಯಾಟರಿ, ನೆಟ್‌ವರ್ಕ್ ಕಾಣುವ ಆ ಸಣ್ಣ ಪಟ್ಟಿಗೆ ಸ್ಟೇಟಸ್ ಬಾರ್ ಅನ್ನುತ್ತಾರೆ. ರಾತ್ರಿ 11:47 ಅಂತ ಅಲ್ಲಿದೆ. "ಹತ್ತಕ್ಕೇ ಮಲಗಿದ್ದೆ" ಅಂತ ಅಮ್ಮನಿಗೆ ಹೇಳಿದವರ ಗುಟ್ಟು ರಟ್ಟು. ಅದೇ ಪಟ್ಟಿಯಲ್ಲಿ ಬಂದಿರುವ ನೋಟಿಫಿಕೇಷನ್‌ಗಳ ಪುಟ್ಟ ಗುರುತುಗಳೂ ಇರುತ್ತವೆ. ಯಾವ್ಯಾವ ಆ್ಯಪ್ ಇಟ್ಟುಕೊಂಡಿದ್ದೀರಿ ಅಂತ ಅವು ಹೇಳುತ್ತವೆ. ಸ್ಕ್ರೀನ್‌ಶಾಟ್ ಒತ್ತಿದ ಗಳಿಗೆಯಲ್ಲೇ ಮೇಲಿಂದ ಒಂದು ಮೆಸೇಜ್ ಇಳಿದರೆ ಅದೂ ಚಿತ್ರದಲ್ಲಿ ಸಿಕ್ಕಿಕೊಳ್ಳುತ್ತದೆ. ಅಪ್ಪನ ಫೋನಾಗಿದ್ದರೆ ಅದು ಬ್ಯಾಂಕಿನ ಓಟಿಪಿಯೇ ಆಗಿರಬಹುದು.

ಅದರ ಕೆಳಗೆ ಗುಂಪಿನ ಹೆಸರು, ಅದರಡಿ ಸದಸ್ಯರ ಹೆಸರುಗಳ ಸಾಲು. ಕೆಳ ಅಂಚಿನಲ್ಲಿ ನೀವು ಟೈಪ್ ಮಾಡಿ ಬಿಟ್ಟ ಅರ್ಧ ವಾಕ್ಯ. ಕೀಬೋರ್ಡ್ ತೆರೆದಿದ್ದರೆ ಅದರ ಮೇಲೆ ಬರುವ ಪದಗಳ ಸಲಹೆಯೂ ಬರುತ್ತದೆ. ನೀವು ಆಗಾಗ ಬರೆಯುವ ಹೆಸರುಗಳೂ ಅಲ್ಲಿ ಕಾಣಬಹುದು.

ಫೈಲಿನ ಹೆಸರನ್ನೂ ಬಿಡಬೇಡಿ. ಕೆಲವು ಫೋನುಗಳಲ್ಲಿ ಸ್ಕ್ರೀನ್‌ಶಾಟಿನ ಹೆಸರು ಹೀಗಿರುತ್ತದೆ:

```
Screenshot_20250714_234712_WhatsApp.jpg
```

ಓದಿ ಹೇಳಿ: 2025ರ ಜುಲೈ 14, ರಾತ್ರಿ 11 ಗಂಟೆ 47 ನಿಮಿಷ 12 ಸೆಕೆಂಡ್, ಆ್ಯಪ್ ವಾಟ್ಸಾಪ್. ಮೇಲಿನ ಪಟ್ಟಿಯನ್ನು ಕತ್ತರಿಸಿ ತೆಗೆದರೂ ಗಂಟೆ ಇಲ್ಲಿ ಕೂತಿದೆ. ವಾಟ್ಸಾಪ್‌ನಲ್ಲಿ ಫೋಟೋ ಆಗಿ ಕಳಿಸಿದರೆ ಹೆಸರು ಬದಲಾಗುತ್ತದೆ. ಡಾಕ್ಯುಮೆಂಟ್ ಆಗಿ ಅಥವಾ ಮೇಲ್‌ನಲ್ಲಿ ಕಳಿಸಿದರೆ ಹಾಗೇ ಹೋಗುತ್ತದೆ.

ಕೊನೆಯಲ್ಲಿ ಪಲ್ಲವಿಗೆ ಬನ್ನಿ. ಅವಳು ಆ ಮಾತನ್ನು ಹೇಳಿದ್ದು ಸರ್‌ಗೆ, ತನ್ನ ತರಗತಿಯವರ ಎದುರಿಗೆ. ಈಗ ಅದು ಗುಂಪಿನಲ್ಲಿ ಇಲ್ಲದವನ ಫೋನಿಗೆ ಹೋಗಿದೆ. ಅಮ್ಮ ಆಸ್ಪತ್ರೆಯಲ್ಲಿದ್ದಾರೆ, ಮನೆಯಲ್ಲಿ ಮಕ್ಕಳಿಬ್ಬರೇ ಇದ್ದಾರೆ. ಈ ಎರಡು ವಿಷಯ ಯಾರ ಕೈಗೆ ಹೋಗಬಾರದು ಅಂತ ಮಕ್ಕಳನ್ನೇ ಕೇಳಿ. ಉತ್ತರ ಅವರೇ ಹೇಳುತ್ತಾರೆ, ನೀವು ವಿವರಿಸಲು ಹೋಗಬೇಡಿ. ಇಲ್ಲಿಗೆ ಮೂರು ನಿಮಿಷ.

ಹಂತ 3: ಸ್ಕ್ರೀನ್‌ಶಾಟ್ ಬೇಕೇ ಬೇಕಾ ಅಂತ ಕೇಳಿ

ಇದು ಚಿಕ್ಕದು, ಒಂದು ನಿಮಿಷ ಸಾಕು. ಗೆಳೆಯನಿಗೆ ಬೇಕಾಗಿದ್ದು "ಅಭ್ಯಾಸ 4.2, ಲೆಕ್ಕ 1ರಿಂದ 6". ಆ ಮೆಸೇಜನ್ನು ಒತ್ತಿ ಹಿಡಿದು ಕಾಪಿ ಮಾಡಿ ಅವನಿಗೆ ಪೇಸ್ಟ್ ಮಾಡಿದರೆ ಮುಗಿಯಿತು. ಬೇರೆ ಯಾರೂ ಅದರಲ್ಲಿ ಬರಲಿಲ್ಲ.

ಕಂಪ್ಯೂಟರ್ ಕ್ಲಬ್ ಆದ್ದರಿಂದ ಲ್ಯಾಬಿನ ಉದಾಹರಣೆಯೂ ಒಂದಿರಲಿ. ಪೈಥಾನ್ ಪ್ರೋಗ್ರಾಂ ಓಡಲಿಲ್ಲ ಅಂದರೆ ಮಕ್ಕಳು ಇಡೀ ಪರದೆಯ ಸ್ಕ್ರೀನ್‌ಶಾಟ್ ತೆಗೆದು ಗುಂಪಿಗೆ ಹಾಕುತ್ತಾರೆ. ಅದರಲ್ಲಿ ಬ್ರೌಸರಿನ ಟ್ಯಾಬುಗಳು, ಮೂಲೆಯಲ್ಲಿ ಮೇಲ್ ಖಾತೆಯ ಫೋಟೋ, `C:\Users\` ಆದಮೇಲೆ ಬರುವ ಕಂಪ್ಯೂಟರ್ ಮಾಲೀಕರ ಹೆಸರು ಎಲ್ಲ ಇರುತ್ತದೆ. ಎರರ್ ಸಾಲನ್ನು ಕಾಪಿ ಮಾಡಿ ಹಾಕಿದರೆ ಸಹಾಯ ಮಾಡುವವರಿಗೂ ಸುಲಭ, ಅವರು ಅದನ್ನು ಹಾಗೇ ಹುಡುಕಬಹುದು. ಮಾಲೀಕರ ಹೆಸರು ಆ ಸಾಲಿನಲ್ಲೂ ಬರುತ್ತದೆ, ಅದೊಂದನ್ನು ಅಳಿಸಿ ಹಾಕಿ.

ಚಿತ್ರವೇ ಬೇಕು ಅಂದಾಗ ಇಡೀ ಪರದೆ ಬೇಡ. ವಿಂಡೋಸ್‌ನಲ್ಲಿ `Win+Shift+S` ಒತ್ತಿ ಬೇಕಾದಷ್ಟೇ ಜಾಗವನ್ನು ಮೌಸಿನಿಂದ ಎಳೆದು ತೆಗೆಯಬಹುದು. `Alt+PrtScn` ಒತ್ತಿದರೆ ಮುಂದಿರುವ ಒಂದು ಕಿಟಕಿ ಮಾತ್ರ ಬರುತ್ತದೆ. ಲ್ಯಾಬಿನಲ್ಲಿ ಉಬುಂಟು ಇದ್ದರೆ ಈಗಿನ ಆವೃತ್ತಿಗಳಲ್ಲಿ `PrtSc` ಒತ್ತಿದ ಕೂಡಲೇ ಜಾಗ ಆರಿಸುವ ಚೌಕ ಬರುತ್ತದೆ.

ಲ್ಯಾಬಿನ ಕಂಪ್ಯೂಟರ್ ಎಲ್ಲರೂ ಬಳಸುವಂಥದ್ದು, ಇದನ್ನು ಮರೆಯಬೇಡಿ. ವಿಂಡೋಸ್‌ನಲ್ಲಿ ತೆಗೆದ ಸ್ಕ್ರೀನ್‌ಶಾಟುಗಳು `Pictures\Screenshots` ಫೋಲ್ಡರಿನಲ್ಲಿ ಉಳಿದಿರಬಹುದು. ಎದ್ದು ಹೋಗುವ ಮುಂಚೆ ಅಲ್ಲಿ ಒಮ್ಮೆ ಇಣುಕಿ ನೋಡುವ ಅಭ್ಯಾಸ ಕ್ಲಬ್ಬಿನಲ್ಲೇ ಆಗಬೇಕು.

ಹಂತ 4: ಮುಚ್ಚಿ ತೋರಿಸಿ, ಆಮೇಲೆ ಬಿಚ್ಚಿ ತೋರಿಸಿ

ಭಾಷಣದ ಜೀವ ಇಲ್ಲಿದೆ. ಇದಕ್ಕೆ ಮೂರು ನಿಮಿಷ ಕೊಡಿ, ಮನೆಯಲ್ಲಿ ಒಂದೆರಡು ಸಲ ಮಾಡಿ ನೋಡಿಕೊಂಡು ಬನ್ನಿ. ಮಕ್ಕಳಿಗೆ ಮುಚ್ಚಬೇಕು ಅಂತ ಗೊತ್ತು. ಮುಚ್ಚಿದ್ದು ತೆರೆದುಕೊಳ್ಳುತ್ತದೆ ಅಂತ ಗೊತ್ತಿಲ್ಲ.

ಮೊದಲು ಹೈಲೈಟರ್ ಆಟ. ಫೋನಿನ ಎಡಿಟ್‌ನಲ್ಲಿ ಪೆನ್ನು, ಮಾರ್ಕರ್, ಹೈಲೈಟರ್ ಅಂತ ಇರುತ್ತವೆ. ಹೈಲೈಟರಿಗೆ ಕಪ್ಪು ಬಣ್ಣ ಆರಿಸಿ ನಂಬರಿನ ಮೇಲೆ ಎರಡು ಮೂರು ಸಲ ಎಳೆಯಿರಿ. ಕಪ್ಪಗಾಯಿತು, ನಂಬರು ಕಾಣುತ್ತಿಲ್ಲ. ಈಗ ಅದೇ ಚಿತ್ರವನ್ನು ತೆರೆದು ಬ್ರೈಟ್‌ನೆಸ್, ಎಕ್ಸ್‌ಪೋಷರ್, ಶ್ಯಾಡೋ ಇವನ್ನೆಲ್ಲ ಪೂರ್ತಿ ಏರಿಸಿ. ಅಂಕಿಗಳು ಮಸುಕಾಗಿ ಎದ್ದು ಬರುತ್ತವೆ. ಎಲ್ಲ ಫೋನಿನಲ್ಲೂ ಒಂದೇ ಥರ ಆಗುವುದಿಲ್ಲ. ಅದಕ್ಕೇ ಮನೆಯಲ್ಲಿ ನೋಡಿಕೊಂಡು ಬನ್ನಿ ಅಂದಿದ್ದು. ನಿಮ್ಮ ಫೋನಿನಲ್ಲಿ ಬರದಿದ್ದರೆ ಬೇರೆ ಫೋನಿನಲ್ಲಿ ಮಾಡಿ, ಮುಂಚೆ-ಆಮೇಲೆ ಎರಡೂ ಚಿತ್ರ ಸ್ಲೈಡಿಗೆ ಹಾಕಿಕೊಳ್ಳಿ.

ಹೀಗ್ಯಾಕೆ ಆಗುತ್ತದೆ ಅಂತ ಕ್ಲಬ್ಬಿನ ಮಕ್ಕಳು ಕೇಳಿಯೇ ಕೇಳುತ್ತಾರೆ. ಬೋರ್ಡಿನ ಮೇಲೆ ಲೆಕ್ಕ ಮಾಡಿ. ಪರದೆಯ ಪ್ರತಿ ಚುಕ್ಕಿಗೆ, ಅಂದರೆ ಪಿಕ್ಸೆಲ್‌ಗೆ, 0ಯಿಂದ 255ರವರೆಗೆ ಒಂದು ಹೊಳಪಿನ ಅಂಕಿ ಇರುತ್ತದೆ. ಬಿಳಿ ಹಿನ್ನೆಲೆ 255, ಕಪ್ಪು ಅಕ್ಷರ 0. ಹೈಲೈಟರ್ ಪಾರದರ್ಶಕ ಬಣ್ಣ. ಒಂದು ಸಲ ಎಳೆದರೆ ಹೊಳಪಿನ ಐದರಲ್ಲೊಂದು ಪಾಲು ಉಳಿಯುತ್ತದೆ ಅಂದುಕೊಳ್ಳೋಣ. ಬಿಳಿ 255 ಇದ್ದದ್ದು 51 ಆಯಿತು. ಎರಡನೇ ಸಲಕ್ಕೆ 10. ಅಕ್ಷರ ಮಾತ್ರ 0 ಆಗಿಯೇ ಇದೆ. 10ಕ್ಕೂ 0ಗೂ ನಮ್ಮ ಕಣ್ಣಿಗೆ ವ್ಯತ್ಯಾಸ ಗೊತ್ತಾಗುವುದಿಲ್ಲ. ಕಂಪ್ಯೂಟರಿಗೆ ಅವು ಬೇರೆ ಬೇರೆ ಅಂಕಿ. ಹೊಳಪನ್ನು ಇಪ್ಪತ್ತು ಪಟ್ಟು ಏರಿಸಿದರೆ 10 ಹೋಗಿ 200 ಆಗುತ್ತದೆ, 0 ಅಲ್ಲೇ ಇರುತ್ತದೆ. ಅಕ್ಷರ ವಾಪಸ್ ಬಂತು.

ಆಮೇಲೆ ಕ್ರಾಪ್ ಆಟ. ಕ್ರಾಪ್ ಅಂದರೆ ಚಿತ್ರದ ಅಂಚು ಕತ್ತರಿಸುವುದು. ನಿಮ್ಮ ಸ್ಲೈಡಿನಲ್ಲೇ ಚಿತ್ರವನ್ನು ಸರ್ ಮೆಸೇಜ್ ಮಾತ್ರ ಉಳಿಯುವ ಹಾಗೆ ಕ್ರಾಪ್ ಮಾಡಿ ಸೇವ್ ಮಾಡಿ. ಫೈಲ್ ಮುಚ್ಚಿ, ಮುಂದಿನ ಬೆಂಚಿನವರನ್ನು ಯಾರನ್ನಾದರೂ ಕರೆದು ತೆರೆಯಲು ಹೇಳಿ. ಅವರು ಚಿತ್ರದ ಮೇಲೆ ಕ್ಲಿಕ್ ಮಾಡಿ ಮತ್ತೆ ಕ್ರಾಪ್ ಒತ್ತಿದರೆ ಪಲ್ಲವಿಯ ಮೆಸೇಜ್ ಮಬ್ಬಾಗಿ ಕಾಣುತ್ತದೆ. ಅಂಚು ಎಳೆದರೆ ಪೂರ್ತಿ ಬರುತ್ತದೆ. ಪವರ್‌ಪಾಯಿಂಟ್, ವರ್ಡ್, ಇಂಪ್ರೆಸ್ ಎಲ್ಲವೂ ಕತ್ತರಿಸಿದ ಭಾಗವನ್ನು ಎಸೆಯುವುದಿಲ್ಲ, ಮರೆಮಾಡುತ್ತವೆ ಅಷ್ಟೇ. ಪವರ್‌ಪಾಯಿಂಟಿನಲ್ಲಿ `Compress Pictures` ಒಳಗೆ `Delete cropped areas of pictures` ಅಂತ ಒಂದು ಆಯ್ಕೆ ಇದೆ. ಅದನ್ನು ಹಾಕಿದರೆ ಮಾತ್ರ ನಿಜವಾಗಿ ಹೋಗುತ್ತದೆ.

ಇದಕ್ಕೊಂದು ನಿಜವಾದ ಘಟನೆ ಸೇರಿಸಬಹುದು. 2023ರ ಮಾರ್ಚ್‌ನಲ್ಲಿ ಗೂಗಲ್ ಪಿಕ್ಸೆಲ್ ಫೋನುಗಳ ಎಡಿಟಿಂಗ್ ಸಾಧನದಲ್ಲಿ ಒಂದು ದೋಷ ಬೆಳಕಿಗೆ ಬಂತು. ಸೈಮನ್ ಆರನ್ಸ್ ಮತ್ತು ಡೇವಿಡ್ ಬುಕ್ಯಾನನ್ ಅದನ್ನು ವಿವರಿಸಿ "ಅಕ್ರಾಪಲಿಪ್ಸ್" ಅಂತ ಹೆಸರಿಟ್ಟರು. ಕ್ರಾಪ್ ಮಾಡಿದ ಚಿಕ್ಕ ಚಿತ್ರವನ್ನು ಫೋನು ಹಳೇ ದೊಡ್ಡ ಫೈಲಿನ ಮೇಲೆಯೇ ಬರೆಯುತ್ತಿತ್ತು, ಉಳಿದ ಬಾಲವನ್ನು ಕತ್ತರಿಸುತ್ತಿರಲಿಲ್ಲ. ಹಳೇ ಉದ್ದದ ನೋಟ್‌ಬುಕ್ಕಿನ ಮೊದಲ ಪುಟಗಳಲ್ಲಿ ಮಾತ್ರ ಹೊಸದು ಬರೆದು, ಹಿಂದಿನ ಪುಟಗಳನ್ನು ಹಾಗೇ ಬಿಟ್ಟಂತೆ. ಚಿತ್ರ ತೋರಿಸುವ ಆ್ಯಪ್ "ಮುಗಿಯಿತು" ಅನ್ನುವ ಗುರುತು ಸಿಕ್ಕಿದ ಕೂಡಲೇ ನಿಲ್ಲಿಸುತ್ತಿತ್ತು, ಹಾಗಾಗಿ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಆ ಬಾಲದಿಂದ ಕತ್ತರಿಸಿದ ಚಿತ್ರದ ಒಂದಷ್ಟು ಭಾಗ ವಾಪಸ್ ತೆಗೆಯಬಹುದಿತ್ತು. ವಿಂಡೋಸ್ 11ರ ಸ್ನಿಪ್ಪಿಂಗ್ ಟೂಲ್‌ನಲ್ಲೂ ಅಂಥದ್ದೇ ದೋಷ ಸಿಕ್ಕಿತು. ಎರಡನ್ನೂ ಸರಿಪಡಿಸಿದ್ದಾರೆ. ಆದರೆ ಅಪ್‌ಡೇಟ್ ಬಂದಿದ್ದು ಮುಂದಿನ ಚಿತ್ರಗಳಿಗೆ. ಅದಕ್ಕೂ ಮುಂಚೆ ಹಂಚಿದ ಫೈಲುಗಳು ಯಾರ ಹತ್ತಿರ ಇವೆಯೋ ಅಲ್ಲಿ ಹಾಗೇ ಇವೆ.

ಬ್ಲರ್ ಬಗ್ಗೆ ಒಂದೇ ಮಾತು ಸಾಕು. ಅಕ್ಷರವನ್ನು ಚೌಕ ಚೌಕವಾಗಿ ಮಸುಕು ಮಾಡಿದ್ದನ್ನು ಊಹಿಸಿ ಓದುವ Depix ಅನ್ನುವ ಉಚಿತ ಪ್ರೋಗ್ರಾಂ 2020ರಲ್ಲೇ ಬಂದಿದೆ. ಎಲ್ಲ ಸಲವೂ ಅದು ಓದಲಾರದು. ಆದರೆ ಹತ್ತೇ ಅಂಕಿಯ ನಂಬರನ್ನು ಬ್ಲರ್ ನಂಬಿ ಬಿಡಬಾರದು.

ಹಾಗಾದರೆ ಮುಚ್ಚುವುದು ಹೇಗೆ? ಗಟ್ಟಿ ಬಣ್ಣ ತುಂಬಿದ ಚೌಕ ಹಾಕಿ. ಫೋನಿನ ಎಡಿಟ್‌ನಲ್ಲಿ ಆಕಾರ ಸೇರಿಸುವ ಆಯ್ಕೆ ಇದ್ದರೆ ಚೌಕ ಆರಿಸಿ ಒಳಗೆಲ್ಲ ಕಪ್ಪು ತುಂಬಿ. ಕಂಪ್ಯೂಟರಿನಲ್ಲಾದರೆ ಪೇಂಟ್ ತೆರೆದು ಹಾಗೇ ಮಾಡಿ ಸೇವ್ ಮಾಡಿ. ಅಷ್ಟೂ ಅನುಮಾನ ಇದ್ದರೆ ಒಂದು ಸುಲಭ ಉಪಾಯ ಇದೆ. ಗಟ್ಟಿ ಚೌಕ ಹಾಕಿ ಮುಚ್ಚಿ ಕತ್ತರಿಸಿದ ಚಿತ್ರವನ್ನು ಪರದೆ ತುಂಬ ತೆರೆದು, ಅದರದೇ ಇನ್ನೊಂದು ಸ್ಕ್ರೀನ್‌ಶಾಟ್ ತೆಗೆದು ಅದನ್ನು ಕಳಿಸಿ. ಹೊಸ ಫೈಲಿಗೆ ಪರದೆ ಮೇಲೆ ಕಂಡದ್ದು ಮಾತ್ರ ಹೋಗುತ್ತದೆ. ಹೈಲೈಟರ್ ಬಳಸಿದ್ದರೆ ಮಾತ್ರ ಈ ಉಪಾಯ ನಡೆಯುವುದಿಲ್ಲ, ಆ 10 ಮತ್ತು 0 ಹೊಸ ಚಿತ್ರಕ್ಕೂ ಬರುತ್ತವೆ.

ಕ್ಲಬ್ಬಿನಲ್ಲಿ ಪೈಥಾನ್ ಕಲಿಸುತ್ತಿದ್ದರೆ ಈ ನಾಲ್ಕೈದು ಸಾಲು ತೋರಿಸಿ. ಪಿಲ್ಲೋ ಅನ್ನುವ ಲೈಬ್ರರಿ ಹಾಕಿರಬೇಕು.

```python
from PIL import Image, ImageDraw
im = Image.open("chat.png").convert("RGB")
d = ImageDraw.Draw(im)
d.rectangle((40, 620, 700, 760), fill="black")
im.save("chat_safe.png")
```

ನಾಲ್ಕು ಅಂಕಿಗಳು ಕ್ರಮವಾಗಿ ಚೌಕದ ಎಡ, ಮೇಲು, ಬಲ, ಕೆಳ ಅಂಚುಗಳು. ಪೇಂಟಿನಲ್ಲಿ ಚಿತ್ರ ತೆರೆದು ಮೌಸ್ ಇಟ್ಟರೆ ಕೆಳಗಡೆ ಆ ಜಾಗದ ಅಂಕಿ ಕಾಣುತ್ತದೆ, ಅದನ್ನೇ ಇಲ್ಲಿ ಬರೆಯಿರಿ. ಇಲ್ಲಿ ಚೌಕದೊಳಗಿನ ಎಲ್ಲ ಪಿಕ್ಸೆಲ್ಲೂ 0 ಆಗುತ್ತದೆ. ಎಷ್ಟು ಹೊಳಪು ಏರಿಸಿದರೂ 0 ಗುಣಿಸು ಇಪ್ಪತ್ತು ಅಂದರೆ 0 ತಾನೇ? ಸೇವ್ ಮಾಡುವಾಗ ಬೇರೆ ಹೆಸರು ಕೊಟ್ಟಿದ್ದೇವೆ. ಕಳಿಸುವಾಗ ಅಭ್ಯಾಸಬಲದಿಂದ ಹಳೇ `chat.png` ಅನ್ನೇ ಕಳಿಸಿಬಿಡುವವರಿದ್ದಾರೆ, ಅದನ್ನೂ ಹೇಳಿ.

ಹಂತ 5: ಕೇಳುವುದನ್ನು ಆಡಿ ತೋರಿಸಿ

ಮುಚ್ಚಿದ ಮಾತ್ರಕ್ಕೆ ಎಲ್ಲ ಸರಿ ಅಲ್ಲ. ಮಾತೇ ಇನ್ನೊಬ್ಬರದ್ದಾದಾಗ ಅವರನ್ನು ಕೇಳಬೇಕು. "ಅನುಮತಿ ಪಡೆಯಿರಿ" ಅಂತ ಭಾಷಣದಲ್ಲಿ ಹೇಳುವುದು ಸುಲಭ. ಹದಿಮೂರು ಹದಿನಾಲ್ಕು ವರ್ಷದವರಿಗೆ ಹೇಗೆ ಕೇಳುವುದು ಅನ್ನುವುದೇ ಕಷ್ಟ, ಮುಜುಗರ ಬೇರೆ. ಅದಕ್ಕೆ ಒಬ್ಬ ಗೆಳೆಯ ಅಥವಾ ಗೆಳತಿಯನ್ನು ಕರೆದು ಐದು ಮಾತಿನ ಸಂಭಾಷಣೆ ಆಡಿ ತೋರಿಸಿ:

"ಲೇ, ನೀನು ನೆನ್ನೆ ಕಳಿಸಿದ್ದ ಆ ಜೋಕ್ ಸ್ಟೇಟಸ್‌ಗೆ ಹಾಕ್ಲಾ?"

"ಬೇಡ ಕಣೋ, ನಮ್ಮಕ್ಕ ನೋಡ್ತಾಳೆ."

"ಹೆಸರು ತೆಗೆದು ಹಾಕ್ಲಾ?"

"ಬೇಡ ಅಂದ್ನಲ್ಲ."

"ಆಯ್ತು ಬಿಡು."

ಕೊನೆಯ ಎರಡು ಸಾಲನ್ನು ಒತ್ತಿ ಹೇಳಿ. ಬೇಡ ಅಂದವರು ಕಾರಣ ಕೊಡಬೇಕಾಗಿಲ್ಲ. ಇನ್ನೊಂದು, ಉತ್ತರ ಬರದಿದ್ದರೆ ಅದು ಒಪ್ಪಿಗೆ ಅಲ್ಲ. ಎರಡು ನೀಲಿ ಟಿಕ್ ಬಂದರೆ ಓದಿದ್ದಾರೆ ಅಂತ ಮಾತ್ರ ಅರ್ಥ.

ಬೇರೆಯವರು ನಮಗೆ ಕಳಿಸಿದ ಸ್ಕ್ರೀನ್‌ಶಾಟಿನ ಪ್ರಶ್ನೆಯೂ ಬರುತ್ತದೆ. "ನಾನು ತೆಗೆದಿಲ್ಲ, ಬರೀ ಫಾರ್ವರ್ಡ್ ಮಾಡಿದೆ" ಅಂತ ಹೇಳುವವರು ತರಗತಿಗೆ ಇಬ್ಬರಾದರೂ ಸಿಗುತ್ತಾರೆ. ಮಾತಿನ ಒಡೆಯರಿಗೆ ಮಾತ್ರ ತೆಗೆದವರು, ಫಾರ್ವರ್ಡ್ ಮಾಡಿದವರು ಇಬ್ಬರೂ ಒಂದೇ.

ಹಂತ 6: ಮುಚ್ಚಬಾರದ ಸಂದರ್ಭ ಇದೆ, ಅದನ್ನು ಹೇಳದೆ ಬಿಡಬೇಡಿ

ಇಷ್ಟು ಹೊತ್ತು ಕೇಳಿದ ಮಗು "ಬೇರೆಯವರ ಮೆಸೇಜಿನ ಸ್ಕ್ರೀನ್‌ಶಾಟ್ ತೆಗೆಯಲೇಬಾರದು" ಅಂತ ತಿಳಿದುಕೊಂಡು ಹೋದರೆ ಅಪಾಯ. ಯಾರಾದರೂ ಬೆದರಿಸುತ್ತಿದ್ದರೆ, ಕೆಟ್ಟದಾಗಿ ಬೈಯುತ್ತಿದ್ದರೆ, ದುಡ್ಡು ಕೇಳುತ್ತಿದ್ದರೆ ಆ ಸ್ಕ್ರೀನ್‌ಶಾಟ್ ಸಾಕ್ಷಿ. ಅದಕ್ಕೆ ಅವರ ಅನುಮತಿ ಕೇಳಬೇಕಾಗಿಲ್ಲ.

ಇಲ್ಲಿ ನಾವು ಕಲಿತ ಅಭ್ಯಾಸವೆಲ್ಲ ತಿರುಗುಮುರುಗು. ಕತ್ತರಿಸಬೇಡಿ, ಮುಚ್ಚಬೇಡಿ. ಗಂಟೆ, ತಾರೀಕು, ಕಳಿಸಿದವರ ನಂಬರು, ಮೇಲಿನ ಕೆಳಗಿನ ಮೆಸೇಜುಗಳು ಎಲ್ಲ ಇರಲಿ. ಬರೀ ಹೆಸರು ಕಂಡರೆ ಸಾಲದು. ಹೆಸರನ್ನು ನಿಮ್ಮ ಫೋನಿನಲ್ಲಿ ನೀವೇ ಸೇವ್ ಮಾಡಿದ್ದು, ಅದು ಏನು ಬೇಕಾದರೂ ಆಗಿರಬಹುದು. ಹಾಗಾಗಿ ಪ್ರೊಫೈಲ್ ತೆರೆದು ನಂಬರು ಕಾಣುವ ಇನ್ನೊಂದು ಸ್ಕ್ರೀನ್‌ಶಾಟ್ ತೆಗೆಯಿರಿ. ಮೂಲ ಚಾಟನ್ನು ಅಳಿಸಬೇಡಿ, ಬ್ಲಾಕ್ ಮಾಡುವ ಮುಂಚೆ ಇದೆಲ್ಲ ಮುಗಿಸಿ.

ಆಮೇಲೆ ಅದು ಹೋಗಬೇಕಾದ್ದು ಒಬ್ಬ ದೊಡ್ಡವರ ಕೈಗೆ. ಅಪ್ಪ, ಅಮ್ಮ, ನಂಬುವ ಟೀಚರ್, ಯಾರಾದರೂ. "ನೋಡಿ ಇವನು ಎಂಥವನು" ಅಂತ ಗುಂಪಿಗೆ ಹಾಕಿದರೆ ಸಾಕ್ಷಿ ಹೋಗಿ ಜಗಳ ಉಳಿಯುತ್ತದೆ. ಮನೆಯಲ್ಲಿ ಹೇಳಲು ಆಗದಿದ್ದರೆ ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಬಹುದು. ಆನ್‌ಲೈನ್‌ನಲ್ಲಿ ದುಡ್ಡು ಹೋಗಿದ್ದರೆ 1930. ದೂರು ಕೊಡಲು `cybercrime.gov.in` ಇದೆ. ಈ ಮೂರನ್ನೂ ಸ್ಲೈಡಿಗೆ ದೊಡ್ಡದಾಗಿ ಹಾಕಿ.

ಒಂದು ಎಚ್ಚರಿಕೆ. ಮಕ್ಕಳ ಅಸಭ್ಯ ಚಿತ್ರ ಯಾರಾದರೂ ಕಳಿಸಿದರೆ ಅದರ ಸ್ಕ್ರೀನ್‌ಶಾಟ್ ಬೇಡ, ಯಾರಿಗೂ ಕಳಿಸುವುದೂ ಬೇಡ. ಅದನ್ನು ಇಟ್ಟುಕೊಳ್ಳುವುದು, ಹಂಚುವುದೇ ಅಪರಾಧ ಆಗಬಹುದು. ಫೋನನ್ನು ಹಾಗೇ ತೆಗೆದುಕೊಂಡು ಹೋಗಿ ದೊಡ್ಡವರ ಕೈಗೆ ಕೊಡಬೇಕು. ಇದನ್ನು ವಿದ್ಯಾರ್ಥಿ ಹೇಳುವ ಬದಲು ಟೀಚರ್ ಎದ್ದು ಎರಡು ವಾಕ್ಯದಲ್ಲಿ ಹೇಳಿದರೆ ಒಳ್ಳೆಯದು ಅಂತ ನನ್ನ ಅನಿಸಿಕೆ. ಮುಂಚೆಯೇ ಅವರ ಹತ್ತಿರ ಮಾತಾಡಿಕೊಳ್ಳಿ.

ಹಂತ 7: ಕಾನೂನು ಸ್ವಲ್ಪ ಇರಲಿ, ತಪ್ಪು ಇರದಿರಲಿ

ಭಾಷಣಕ್ಕೆ ತೂಕ ಬರಲಿ ಅಂತ ಕಲಂ ನಂಬರುಗಳನ್ನು ತುರುಕುವವರಿದ್ದಾರೆ. "ಕೇಳದೆ ಸ್ಕ್ರೀನ್‌ಶಾಟ್ ತೆಗೆದರೆ 66ಇ ಪ್ರಕಾರ ಮೂರು ವರ್ಷ ಜೈಲು" ಅನ್ನುವ ಮಾತು ಬಹಳ ಓಡಾಡುತ್ತದೆ. ತಪ್ಪು. ಮಾಹಿತಿ ತಂತ್ರಜ್ಞಾನ ಕಾಯ್ದೆಯ ಆ ಕಲಂ ಇರುವುದು ವ್ಯಕ್ತಿಯ ಖಾಸಗಿ ಅಂಗಗಳ ಚಿತ್ರವನ್ನು ಒಪ್ಪಿಗೆ ಇಲ್ಲದೆ ತೆಗೆಯುವ, ಹಂಚುವ ಬಗ್ಗೆ. ಹೋಮ್‌ವರ್ಕ್ ಚಾಟಿಗೆ ಅದು ಅನ್ವಯಿಸುವುದಿಲ್ಲ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ರಕ್ಷಣಾ ಕಾಯ್ದೆಯೂ ಅಷ್ಟೇ. ವ್ಯಕ್ತಿಯೊಬ್ಬರು ತಮ್ಮ ಸ್ವಂತ, ಮನೆ ಮಟ್ಟದ ಕೆಲಸಕ್ಕೆ ಮಾಹಿತಿ ಬಳಸುವುದನ್ನು ಅದು ಹೊರಗಿಟ್ಟಿದೆ.

ಹೇಳಲೇಬೇಕು ಅನಿಸಿದರೆ ನಮ್ಮ ರಾಜ್ಯದ ಒಬ್ಬರ ಹೆಸರಿದೆ, ಅದನ್ನು ಹೇಳಿ. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿ ಅವರು ಆಧಾರ್ ಬಗ್ಗೆ 2012ರಲ್ಲಿ ಸುಪ್ರೀಂ ಕೋರ್ಟಿಗೆ ಹೋದರು. ಅದೇ ಪ್ರಕರಣದಲ್ಲಿ 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠ ಖಾಸಗಿತನ ಮೂಲಭೂತ ಹಕ್ಕು ಅಂತ ಒಮ್ಮತದಿಂದ ಹೇಳಿತು. ಅದು ಮುಖ್ಯವಾಗಿ ಸರ್ಕಾರದ ಎದುರು ನಮಗಿರುವ ಹಕ್ಕು. ಪಕ್ಕದ ಬೆಂಚಿನವರ ಮೇಲೆ ಅದನ್ನು ಹಿಡಿದು ಕೇಸು ಹಾಕುವುದು ಸುಲಭವಲ್ಲ. ಶಾಲೆಗೆ ತನ್ನದೇ ನಿಯಮ ಇದ್ದರೆ ಮಕ್ಕಳಿಗೆ ಅದೇ ಹತ್ತಿರ, ಅದನ್ನು ಓದಿ ಹೇಳಿ.

ಹಂತ 8: ಪ್ರಶ್ನೆಗಳಿಗೆ ತಯಾರಾಗಿ

ಮಾತು ಮುಗಿದ ಮೇಲೆ ಬರುವ ಪ್ರಶ್ನೆಗಳು ಹೆಚ್ಚುಕಡಿಮೆ ಇವೇ.

"ನಾನು ಸ್ಕ್ರೀನ್‌ಶಾಟ್ ತೆಗೆದರೆ ಅವರಿಗೆ ಗೊತ್ತಾಗುತ್ತಾ?" ವಾಟ್ಸಾಪ್‌ನ ಮಾಮೂಲಿ ಚಾಟ್, ಸ್ಟೇಟಸ್ ತೆಗೆದರೆ ಗೊತ್ತಾಗುವುದಿಲ್ಲ. ಸ್ನ್ಯಾಪ್‌ಚಾಟ್‌ನಲ್ಲಿ ಗೊತ್ತಾಗುತ್ತದೆ. ಈ ಪ್ರಶ್ನೆ ಕೇಳುವವರ ಮುಖದಲ್ಲಿ ಒಂದು ನಗು ಇರುತ್ತದೆ. ಉತ್ತರ ಹೇಳಿ, "ಅವರಿಗೆ ಗೊತ್ತಾಗಬಾರದು ಅಂತ ಯಾಕೆ ಅನಿಸಿತು?" ಅಂತ ನೀವೂ ನಗುತ್ತಲೇ ಕೇಳಿ.

"ವ್ಯೂ ಒನ್ಸ್ ಹಾಕಿದರೆ ಸೇಫಾ?" ಒಂದೇ ಸಲ ನೋಡಲು ಬರುವ ಆ ಫೋಟೋದ ಸ್ಕ್ರೀನ್‌ಶಾಟನ್ನು ವಾಟ್ಸಾಪ್ ತಡೆಯುತ್ತದೆ. ಇನ್ನೊಂದು ಫೋನು ಹಿಡಿದು ಪರದೆಯ ಫೋಟೋ ತೆಗೆಯುವುದನ್ನು ಯಾವ ಆ್ಯಪ್ಪೂ ತಡೆಯಲಾರದು. ತಾನಾಗೇ ಮಾಯವಾಗುವ ಮೆಸೇಜುಗಳಿಗಂತೂ ಸ್ಕ್ರೀನ್‌ಶಾಟ್ ತಡೆ ಇಲ್ಲ.

"ಬ್ಯಾಂಕ್ ಆ್ಯಪ್‌ನಲ್ಲಿ ಯಾಕೆ ಕಪ್ಪಗೆ ಬರುತ್ತೆ?" ಇದು ಕ್ಲಬ್ಬಿಗೆ ಹೇಳಿ ಮಾಡಿಸಿದ ಪ್ರಶ್ನೆ. ಆ್ಯಂಡ್ರಾಯ್ಡ್‌ನಲ್ಲಿ ಆ್ಯಪ್ ಬರೆಯುವವರು ತಮ್ಮ ಪರದೆಗೆ `FLAG_SECURE` ಅನ್ನುವ ಗುರುತು ಹಾಕಬಹುದು. ಆಗ ಫೋನು ಆ ಪರದೆಯ ಚಿತ್ರ ತೆಗೆಯಲು ಬಿಡುವುದಿಲ್ಲ.

"ಆಗಲೇ ಕಳಿಸಿಬಿಟ್ಟಿದ್ದೀನಿ, ಈಗೇನು ಮಾಡಲಿ?" ಈ ಪ್ರಶ್ನೆಯನ್ನು ಸಭೆಯಲ್ಲಿ ಯಾರೂ ಕೇಳುವುದಿಲ್ಲ. ಎಲ್ಲರೂ ಎದ್ದು ಹೋದಮೇಲೆ ಒಬ್ಬರು ಬಂದು ಮೆಲ್ಲಗೆ ಕೇಳುತ್ತಾರೆ. ಆದ್ದರಿಂದ ಉತ್ತರ ಮೊದಲೇ ಗೊತ್ತಿರಲಿ. ವಾಟ್ಸಾಪ್‌ನಲ್ಲಿ ಎಲ್ಲರಿಗೂ ಅಳಿಸುವ ಆಯ್ಕೆ ಕಳಿಸಿದ ಮೇಲೆ ಎರಡು ದಿನ ಚಿಲ್ಲರೆ ಕಾಲ ಇರುತ್ತದೆ, ಮೊದಲು ಅದನ್ನು ಒತ್ತಬೇಕು. ಅವರು ಆಗಲೇ ಸೇವ್ ಮಾಡಿಕೊಂಡಿದ್ದರೆ ಇದರಿಂದ ಹೋಗುತ್ತದೆ ಅನ್ನುವ ಭರವಸೆ ಇಲ್ಲ, ಹಾಗಾಗಿ ಅವರಿಗೆ ಫೋನ್ ಮಾಡಿ ಅಳಿಸಲು ಕೇಳಬೇಕು. ತನ್ನ ಫೋನಿನ ಗ್ಯಾಲರಿಯಿಂದ, ಆಮೇಲೆ ಟ್ರ್ಯಾಶ್‌ನಿಂದಲೂ ತೆಗೆಯಬೇಕು. ಗೂಗಲ್ ಫೋಟೋಸ್‌ನಲ್ಲಿ ಬ್ಯಾಕಪ್ ಆದ ಚಿತ್ರ ಟ್ರ್ಯಾಶ್‌ನಲ್ಲಿ 60 ದಿನ ಕೂತಿರುತ್ತದೆ. ಮನೆಯವರೆಲ್ಲ ಒಂದೇ ಖಾತೆ ಬಳಸುತ್ತಿದ್ದರೆ ಅದು ಅಣ್ಣನ ಫೋನಿನಲ್ಲೂ ಕಾಣುತ್ತಿರಬಹುದು. ಇಷ್ಟೆಲ್ಲ ಆದಮೇಲೆ, ಯಾರ ಮಾತು ಹೋಯಿತೋ ಅವರಿಗೆ ತಾನೇ ಹೋಗಿ ಹೇಳಬೇಕು: ಏನು ಹೋಯಿತು, ಯಾರಿಗೆ ಹೋಯಿತು, ಎಲ್ಲಿಂದ ಅಳಿಸಿಯಾಯಿತು. ಬೇರೆಯವರ ಬಾಯಿಂದ ಅವರಿಗೆ ತಿಳಿಯುವ ಮುಂಚೆಯೇ.